ಕಾಂಪೊಸಿಷನ್ ಸ್ಕೀಮ್‌ಗೆ ಹೋಗುವ ಮುಂಚೆ ನಿಮ್ಮ ಗಿರಾಕಿ ಯಾರು ಅಂತ ನೋಡಿ

ಜಿಎಸ್‌ಟಿ ಕಾಂಪೊಸಿಷನ್‌ನಲ್ಲಿ ಅಂಗಡಿಯವರು ವಹಿವಾಟಿನ ಮೇಲೆ 1% ಕಟ್ಟಿದರೆ ಸಾಕು. ಮೂರು ತಿಂಗಳಿಗೊಮ್ಮೆ CMP-08 ಫಾರಂ ಹಾಕಿ ತೆರಿಗೆ ಕಟ್ಟುವುದು, ವರ್ಷಕ್ಕೊಂದು GSTR-4 ರಿಟರ್ನ್. ಕರ್ನಾಟಕದಲ್ಲಿ ವಹಿವಾಟಿನ ಮಿತಿ 1.5 ಕೋಟಿ. ಸುಲಭವೇ. ಆದರೆ ಬಿಟ್ಟುಕೊಡುವುದು ಏನು ಅಂತ ಲೆಕ್ಕ ಹಾಕಿ ನೋಡಿ.

ಒಂದು ಹಾರ್ಡ್‌ವೇರ್ ಅಂಗಡಿ ಅಂದುಕೊಳ್ಳಿ. 1,00,000 ರೂಪಾಯಿಯ ಮಾಲು, 18% ತೆರಿಗೆ ಸೇರಿ 1,18,000. ಆ 18,000 ನಿಮಗೆ ವಾಪಸ್ ಸಿಗುವುದಿಲ್ಲ, ಅಸಲಿಗೇ ಸೇರುತ್ತದೆ. 20,000 ಲಾಭ ಉಳಿಯಬೇಕಾದರೆ ಸುಮಾರು 1,39,400ಕ್ಕೆ ಮಾರಬೇಕು. ಇದರಲ್ಲೇ ನಿಮ್ಮ 1% ಬಂತು. ಬಿಲ್‌ನಲ್ಲಿ ತೆರಿಗೆ ಅಂತ ಬೇರೆ ಹಾಕುವ ಹಾಗಿಲ್ಲ.

ಮಾಮೂಲಿ ಜಿಎಸ್‌ಟಿಯಲ್ಲಿ ಆ 18,000 ವಾಪಸ್ ಸಿಗುವುದರಿಂದ ಅದೇ ಮಾಲು 1,20,000, ಮೇಲೆ 21,600 ತೆರಿಗೆ. ಒಟ್ಟು 1,41,600.

ಮನೆ ರಿಪೇರಿಗೆ ಕೊಳ್ಳುವವರಿಗೆ ನಿಮ್ಮ ಬೆಲೆಯೇ ಕಡಿಮೆ, ಅಲ್ವಾ? ಆದರೆ ಜಿಎಸ್‌ಟಿ ನಂಬರ್ ಇರುವ ಕಂಟ್ರಾಕ್ಟರ್ ಸಾಮಾನ್ಯವಾಗಿ ಆ 21,600ಕ್ಕೆ ಕ್ರೆಡಿಟ್ ತೆಗೆದುಕೊಳ್ಳುತ್ತಾರೆ, ಅಂದರೆ ತಾವು ಕಟ್ಟಬೇಕಾದ ತೆರಿಗೆಯಲ್ಲಿ ಅಷ್ಟನ್ನು ಕಳೆದುಕೊಳ್ಳುತ್ತಾರೆ. ಅವರಿಗೆ ಬೀಳುವುದು 1,20,000 ಮಾತ್ರ. ನಿಮ್ಮ ಬಿಲ್‌ಗೆ ಕ್ರೆಡಿಟ್ಟೇ ಇಲ್ಲ. ಅವರು ಪಕ್ಕದ ಅಂಗಡಿಗೆ ಹೋಗದೆ ಇನ್ನೇನು ಮಾಡುತ್ತಾರೆ?

ಹೊಸೂರಿನಿಂದ ಆರ್ಡರ್ ಬಂದರೂ ಕಳಿಸುವಂತಿಲ್ಲ, ಹೊರ ರಾಜ್ಯಕ್ಕೆ ಮಾರಾಟವೇ ಇಲ್ಲ. ಅಲ್ಲಿಂದ ತರಿಸಬಹುದು.

ಕಳೆದ ವರ್ಷದ ಬಿಲ್ ಪುಸ್ತಕ ತೆಗೆದು ಜಿಎಸ್‌ಟಿ ನಂಬರ್ ಕೇಳಿದ ಗಿರಾಕಿಗಳನ್ನು ಸುಮ್ನೆ ಎಣಿಸಿ. ಜಾಸ್ತಿ ಇದ್ದರೆ ಬೇಡ. ಸೇರುವುದಾದರೆ ಮಾರ್ಚ್ 31ರೊಳಗೆ CMP-02 ಫಾರಂ ಹಾಕಿ.