ಮಾರಾಟದ ಕರೆ: ಓದುವ ಹಾಳೆಯನ್ನು ಮಾತಾಡುವ ಹಾಳೆ ಮಾಡುವುದು ಹೇಗೆ?

ಹಾಸನದಲ್ಲಿ ಮಣ್ಣು ಪರೀಕ್ಷೆ ಮಾಡಿಕೊಡುವ ಒಂದು ಸಣ್ಣ ಸಂಸ್ಥೆ ಇದೆ ಎಂದಿಟ್ಟುಕೊಳ್ಳಿ. ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರಿಗೆ ಫೋನ್ ಮಾಡಲು ಅಲ್ಲಿ ಇಬ್ಬರು ಹುಡುಗಿಯರಿದ್ದಾರೆ. ಅವರ ಕೈಲಿರುವ ಸ್ಕ್ರಿಪ್ಟ್ ಹೀಗಿದೆ:

“ನಮಸ್ಕಾರ ಸರ್. ನಮ್ಮ ಸಂಸ್ಥೆಯು ಆಧುನಿಕ ಉಪಕರಣಗಳ ಮೂಲಕ ಮಣ್ಣಿನ ಪರೀಕ್ಷೆ ನಡೆಸುತ್ತದೆ. ಮಲೆನಾಡಿನ ಮಣ್ಣು ಹುಳಿಯಾಗಿದ್ದು, ರಸಸಾರ ಅಂದರೆ ಪಿಎಚ್ ಕಡಿಮೆಯಾದರೆ ಹಾಕಿದ ಗೊಬ್ಬರ ಗಿಡಕ್ಕೆ ಸರಿಯಾಗಿ ಸಿಗುವುದಿಲ್ಲ. ಕಾಫಿಗೆ 6ರಿಂದ 6.5ರವರೆಗಿನ ರಸಸಾರ ಸೂಕ್ತ. ನಮ್ಮ ಸಿಬ್ಬಂದಿ ತೋಟಕ್ಕೇ ಬಂದು ಮಣ್ಣು ತೆಗೆದು, ಹುಳಿ ತಗ್ಗಿಸಲು ಎಷ್ಟು ಸುಣ್ಣ ಹಾಕಬೇಕೆಂಬ ವರದಿ ನೀಡುತ್ತಾರೆ. ತಮಗೆ ಆಸಕ್ತಿ ಇದೆಯಾ ಸರ್?”

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ತೋಟದಲ್ಲಿ ಆಳುಗಳಿಗೆ ಕೆಲಸ ಹೇಳುತ್ತಿರುವವರು ಇಷ್ಟುದ್ದ ಕೇಳುವುದಿಲ್ಲ. ಇದನ್ನು ಹೇಗೆ ಬದಲಿಸಬಹುದು, ನೋಡೋಣ.

1. ಜೋರಾಗಿ ಓದಿ, ಗುರುತು ಹಾಕಿ

ಮೊಬೈಲ್‌ನಲ್ಲಿ ಟೈಮರ್ ಇಟ್ಟು ಸ್ಕ್ರಿಪ್ಟನ್ನು ಓದಿ. ಕೇಳುವವರು ಬಾಯಿ ಬಿಡಲು ಅವಕಾಶ ಇರುವ ಕಡೆಗಳಲ್ಲೆಲ್ಲ ಪೆನ್ಸಿಲ್‌ನಿಂದ ಗೆರೆ ಹಾಕಿ. ಮೇಲಿನ ಸ್ಕ್ರಿಪ್ಟ್‌ನಲ್ಲಿ ಒಂದೇ ಗೆರೆ ಬೀಳುತ್ತದೆ, ಅದೂ ಕೊನೆಗೆ. ಅಲ್ಲಿರುವ ಪ್ರಶ್ನೆಗೋ “ಇಲ್ಲ” ಎಂಬುದೇ ಸುಲಭದ ಉತ್ತರ.

2. ವಾಕ್ಯಗಳನ್ನು ಬಿಡಿಸಿ

ಒಂದೊಂದು ವಾಕ್ಯವನ್ನೂ ಬೇರೆ ಚೀಟಿಯಲ್ಲಿ ಬರೆದು ಮೂರು ಗುಂಪು ಮಾಡಿ: ಮೊದಲೇ ಹೇಳಬೇಕಾದ್ದು, ಪ್ರಶ್ನೆ ಮಾಡಬಹುದಾದ್ದು, ಕೇಳಿದರೆ ಮಾತ್ರ ಹೇಳಬೇಕಾದ್ದು. ಮೂರನೇ ಗುಂಪೇ ದೊಡ್ಡದಾಗುತ್ತದೆ. ಉಪಕರಣದ ವಿಷಯ, ರಸಸಾರದ ಅಂಕಿ ಎಲ್ಲ ಅಲ್ಲಿಗೆ ಹೋಗಲಿ. ಬೆಳೆಗಾರರಿಗೆ ಮಲೆನಾಡಿನ ಮಣ್ಣಿನ ಪಾಠ ಬೇಕಿಲ್ಲ, ಅಲ್ವಾ?

3. ಶುರುವಿನಲ್ಲೇ ವಿಷಯ ಹೇಳಿ

“ನಮಸ್ಕಾರ ಸರ್, ಹಾಸನದಿಂದ ಮಾತಾಡ್ತಿದ್ದೀನಿ, ಮಣ್ಣು ಪರೀಕ್ಷೆ ಮಾಡೋರು. ಈ ವರ್ಷ ತೋಟಕ್ಕೆ ಸುಣ್ಣ ಹಾಕೋ ಯೋಚನೆ ಇದೆಯಾ ಅಂತ ಕೇಳೋಕೆ ಫೋನ್ ಮಾಡಿದೆ. ಎರಡು ನಿಮಿಷ ಮಾತಾಡಬಹುದಾ?”

ಏನು ಮಾರುತ್ತೀರಿ ಎಂಬುದನ್ನು ಮುಚ್ಚಿಟ್ಟು “ಹೇಗಿದ್ದೀರಿ, ಮಳೆ ಹೇಗಿದೆ” ಎಂದು ಶುರು ಮಾಡಿದರೆ ಲೋನ್ ಕೊಡುವವರು ಇರಬೇಕು ಅಂದುಕೊಂಡು ಕಟ್ ಮಾಡುತ್ತಾರೆ. ಫೋನ್ ಎತ್ತಿದ್ದು ಹೆಂಗಸರಾದರೆ “ಯಜಮಾನ್ರು ಇದ್ದಾರಾ?” ಎನ್ನಬೇಡಿ. ತೋಟ ನೋಡಿಕೊಳ್ಳುವವರು ಅವರೇ ಇರಬಹುದು. “ತೋಟದ ವಿಷಯ ನಿಮ್ಮ ಹತ್ರ ಮಾತಾಡಬಹುದಾ ಮೇಡಂ?” ಎಂದರೆ ಸಾಕು. ಬೇರೆಯವರ ಜೊತೆ ಮಾತಾಡಬೇಕಿದ್ದರೆ ಅವರೇ ಹೇಳುತ್ತಾರೆ.

4. ಒಂದು ಪ್ರಶ್ನೆ, ಮೂರು ದಾರಿ

ಮುಖ್ಯ ಪ್ರಶ್ನೆ ಒಂದೇ ಇರಲಿ: “ಕೊನೇ ಸಲ ಸುಣ್ಣ ಯಾವಾಗ ಹಾಕಿದ್ರಿ?” ಉತ್ತರ ಬಂದ ಹಾಗೆ ಮುಂದಿನ ಮಾತು ಬದಲಾಗಬೇಕು. ಹಾಳೆಯ ಮೇಲೆ ಬಾಣದ ಗುರುತು ಹಾಕಿ ಮೂರು ದಾರಿ ಬರೆದುಕೊಳ್ಳಿ.

“ಹಾಕೇ ಇಲ್ಲ” ಎಂದರೆ, “ಗೊಬ್ಬರ ಕೊಟ್ರೂ ಗಿಡ ಚೇತರಿಸಿಕೊಳ್ಳದೇ ಇರೋ ಜಾಗ ಯಾವುದಾದ್ರೂ ಇದೆಯಾ?” ಎಂದು ಕೇಳಿ.

“ಎರಡು ವರ್ಷಕ್ಕೊಮ್ಮೆ ಹಾಕ್ತೀವಿ” ಎಂದರೆ, “ಎಕರೆಗೆ ಎಷ್ಟು ಅಂತ ಹೇಗೆ ಲೆಕ್ಕ ಹಾಕ್ತೀರಿ?” ಎನ್ನಿ. ನನ್ನ ಪ್ರಕಾರ ಇಡೀ ಹಾಳೆಯಲ್ಲಿ ಇದೇ ಒಳ್ಳೆಯ ಪ್ರಶ್ನೆ. ಅಂದಾಜಿನ ಮೇಲೆ ಹಾಕುವವರು ತಾವೇ ಒಮ್ಮೆ ಯೋಚಿಸುತ್ತಾರೆ. ಸುಣ್ಣ ಜಾಸ್ತಿಯಾದರೂ ತೊಂದರೆಯೇ. ಸತುವಿನಂಥ ಪೋಷಕಾಂಶ ಗಿಡಕ್ಕೆ ಸಿಗುವುದು ಕಡಿಮೆಯಾಗುತ್ತದೆ. ಅವರು “ಯಾಕೆ, ಜಾಸ್ತಿ ಆದ್ರೆ ಏನು?” ಎಂದು ಕೇಳಿದಾಗ ಈ ಮಾತು ಹೇಳಿ.

“ಹೋದ ವರ್ಷವೇ ಪರೀಕ್ಷೆ ಮಾಡಿಸಿದ್ದೇನೆ” ಎಂದರೆ ಮಾರಲು ಹೋಗಬೇಡಿ. ಮತ್ತೆ ಯಾವಾಗ ಮಾಡಿಸುತ್ತಾರೆ ಎಂದು ಕೇಳಿ, ಬರೆದುಕೊಂಡು ಫೋನ್ ಇಡಿ.

5. ಅಡ್ಡಮಾತಿಗೆ ಉತ್ತರ

“ಕಾಫಿ ಬೋರ್ಡ್‌ನಲ್ಲೇ ಮಾಡಿಸ್ತೀವಿ.” ಈ ಕಡೆ ಇದು ಖಂಡಿತ ಬರುವ ಮಾತು. ಬಾಳೆಹೊನ್ನೂರಿನಲ್ಲಿರುವ ಬೋರ್ಡ್‌ನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯನ್ನು ಬೆಳೆಗಾರರು ನಂಬುತ್ತಾರೆ. ಅದನ್ನು ಹಗುರ ಮಾಡಿ ಮಾತಾಡಿದರೆ ಕರೆ ಅಲ್ಲಿಗೇ ಮುಗಿಯಿತು. ಹೀಗೆ ಕೇಳಿ: “ಒಳ್ಳೇದು ಸರ್. ತೋಟದಲ್ಲಿ ಮಣ್ಣು ತೆಗೆಯೋದು ಯಾರು, ರೈಟರಾ?” ರೈಟರ್ ಎಂದರೆ ತೋಟದ ಲೆಕ್ಕ, ಆಳುಗಳ ಕೆಲಸ ನೋಡಿಕೊಳ್ಳುವವರು. ವರದಿ ಎಷ್ಟು ಸರಿ ಎಂಬುದು ಮಣ್ಣು ತೆಗೆದ ರೀತಿಯ ಮೇಲೇ ನಿಂತಿದೆ. ತೋಟದ ಒಂದೊಂದು ಬ್ಲಾಕಿನಲ್ಲೂ, ಅಂದರೆ ಒಂದೊಂದು ಭಾಗದಲ್ಲೂ, ಹತ್ತು ಹನ್ನೆರಡು ಕಡೆ, ಸುಮಾರು 9 ಇಂಚು ಆಳದವರೆಗೆ ತೆಗೆದು ಬೆರೆಸಬೇಕು. ರಸ್ತೆ ಪಕ್ಕದ ಒಂದು ಗುದ್ದಲಿ ಮಣ್ಣು ಇಡೀ ತೋಟದ ಕತೆ ಹೇಳುವುದಿಲ್ಲ. “ಅದಕ್ಕೆ ಜನ ಸಿಗಲ್ಲ ಕಣಮ್ಮ” ಎಂಬ ಉತ್ತರ ಬಂದರೆ ನಿಮ್ಮ ಕೆಲಸಕ್ಕೆ ಅಲ್ಲಿ ಜಾಗವಿದೆ. “ರೈಟರ್ ಸರಿಯಾಗೇ ತೆಗೀತಾರೆ” ಎಂದರೆ ಅವರಿಗೆ ನಿಮ್ಮ ಅಗತ್ಯವಿಲ್ಲ. ಥ್ಯಾಂಕ್ಸ್ ಹೇಳಿ ಮುಗಿಸಿ.

“ವಾಟ್ಸ್‌ಆ್ಯಪ್ ಮಾಡಿ, ನೋಡ್ತೀನಿ.” ಇದು ಸುಮ್ನೆ ಸಾಗಹಾಕುವ ಮಾತೂ ಆಗಬಹುದು, ನಿಜವೂ ಆಗಬಹುದು. ತಿಳಿಯಲು ಒಂದು ಪ್ರಶ್ನೆ ಸಾಕು: “ಕಳಿಸ್ತೀನಿ ಸರ್. ದರ ಕಳಿಸಲಾ, ವರದಿ ಹೇಗಿರುತ್ತೆ ಅಂತ ಒಂದು ಮಾದರಿ ಕಳಿಸಲಾ?” ಎರಡರಲ್ಲಿ ಒಂದನ್ನು ಹೇಳಿದವರು ನೋಡುವ ಸಾಧ್ಯತೆ ಹೆಚ್ಚು. “ಏನಾದ್ರೂ ಕಳಿಸಿ” ಎಂದವರಿಗೆ ಒಂದು ಸಲ ಕಳಿಸಿ, ಬೆನ್ನು ಹತ್ತಬೇಡಿ.

“ಈಗ ಕೊಯ್ಲು, ಪುರುಸೊತ್ತಿಲ್ಲ.” ನವೆಂಬರ್‌ನಿಂದ ಜನವರಿಯವರೆಗೆ ಅರೇಬಿಕಾ, ಅದರ ಬೆನ್ನಿಗೇ ರೋಬಸ್ಟಾ. ಅವರು ಹೇಳುವುದು ನಿಜವೇ. “ನಿಮ್ಮಲ್ಲಿ ಕೊಯ್ಲು ಯಾವಾಗ ಮುಗಿಯುತ್ತೆ?” ಎಂದು ಕೇಳಿ, ಆ ವಾರಕ್ಕೆ ಗುರುತು ಹಾಕಿಕೊಳ್ಳಿ. ಕೊಯ್ಲು ಮುಗಿದು ಗೊಬ್ಬರ ಹಾಕುವ ಮೊದಲೇ ಮಣ್ಣು ತೆಗೆಯುವುದು ಒಳ್ಳೆಯದು. ಹಾಗಾಗಿ ಆಗ ಫೋನ್ ಮಾಡಲು ನಿಮಗೂ ಕಾರಣ ಇರುತ್ತದೆ.

“ಎಷ್ಟಾಗುತ್ತೆ?” ಸುತ್ತಿ ಬಳಸದೆ ಹೇಳಿ. ಒಂದು ಬ್ಲಾಕಿನ ಮಣ್ಣಿನ ಮಾದರಿಗೆ 600 ರೂಪಾಯಿ ಎಂದಿಟ್ಟುಕೊಂಡರೆ, “ಬ್ಲಾಕಿಗೆ 600 ಸರ್. ಮೂರು ಬ್ಲಾಕ್ ಅಂದ್ರೆ 1,800.” ಆಮೇಲೆ ಸುಮ್ಮನಿರಿ. ಬೆಲೆ ಹೇಳಿದ ಕೂಡಲೇ ರಿಯಾಯಿತಿ ಎಂದರೆ ಮೊದಲಿನ ಬೆಲೆ ಸುಳ್ಳು ಎಂದಂತಾಗುತ್ತದೆ.

“ಬೇಡ, ಫೋನ್ ಮಾಡಬೇಡಿ.” ಇದಕ್ಕೆ ಉತ್ತರ ಬರೆಯಲೇ ಬೇಡಿ. ನಂಬರ್ ತೆಗೆದುಹಾಕಿ. 1909 ನಂಬರಿಗೆ ತಿಳಿಸಿ ಇಂಥ ಕರೆ ಬೇಡ ಎಂದು ನೋಂದಾಯಿಸಿಕೊಂಡವರೂ ಇರುತ್ತಾರೆ. ಅಂದಹಾಗೆ, ಪ್ರಚಾರದ ಕರೆಗಳನ್ನು ಸಾದಾ ಸಿಮ್‌ನಿಂದ ಮಾಡುವಂತಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ನಿಯಮದಂತೆ ನೋಂದಾಯಿಸಿಕೊಂಡು 140ರಿಂದ ಶುರುವಾಗುವ ನಂಬರ್ ಪಡೆಯಬೇಕು. ಇಲ್ಲದಿದ್ದರೆ ದೂರು ಬಂದಾಗ ನಂಬರೇ ಬಂದ್ ಆಗಬಹುದು.

6. ಕೊನೆಯಲ್ಲಿ ಸಣ್ಣದನ್ನು ಕೇಳಿ

ಮೊದಲ ಕರೆಯಲ್ಲೇ ಇಡೀ ತೋಟದ ಆರ್ಡರ್ ಕೇಳಬೇಡಿ. “ಗಿಡ ಸೊರಗಿದೆ ಅಂದ್ರಲ್ಲ, ಅದೊಂದು ಬ್ಲಾಕ್ ನೋಡೋಣ. ಗುರುವಾರ ನಮ್ಮವರು ಆ ಕಡೆ ಬರ್ತಾರೆ, ಬೆಳಗ್ಗೆ ಆಗುತ್ತಾ?” ಗುರುವಾರ ಎಂದ ಮೇಲೆ ಗುರುವಾರವೇ ಬರಬೇಕು.

7. ಹಾಳೆ ಮಾಡಿ, ತಿದ್ದಿ

ಎಲ್ಲವೂ ಒಂದೇ ಹಾಳೆಯಲ್ಲಿ ಹಿಡಿಯಬೇಕು. ಶುರುವಿನ ಮಾತು ಮತ್ತು ದರ ಮಾತ್ರ ಪೂರ್ತಿ ವಾಕ್ಯದಲ್ಲಿರಲಿ. ಉಳಿದದ್ದಕ್ಕೆ “ಬೋರ್ಡ್ – ಮಣ್ಣು ತೆಗೆಯೋದು ಯಾರು?” ಎಂಬಂಥ ಸುಳಿವು ಸಾಕು. ಪೂರ್ತಿ ಬರೆದರೆ ಹುಡುಗಿಯರು ಮತ್ತೆ ಓದಲು ಶುರು ಮಾಡುತ್ತಾರೆ. ಸುಳಿವಷ್ಟೇ ಇದ್ದರೆ ತಮ್ಮ ಮಾತಿನಲ್ಲಿ ಹೇಳುತ್ತಾರೆ.

ಪ್ರತಿ ಕರೆ ಎಲ್ಲಿ ನಿಂತಿತು ಎಂದು ಹಾಳೆಯ ಪಕ್ಕದಲ್ಲೇ ಗೀಟು ಹಾಕಿ. ಹೆಚ್ಚಿನವು ಶುರುವಿನಲ್ಲೇ ಕಟ್ ಆಗುತ್ತಿದ್ದರೆ ಮೊದಲ ವಾಕ್ಯವನ್ನೋ ಫೋನ್ ಮಾಡುವ ಹೊತ್ತನ್ನೋ ಬದಲಿಸಿ. ಪ್ರಶ್ನೆಗಳ ನಡುವೆ ಬೇಸರ ಕಂಡರೆ, ಒಂದರ ಹಿಂದೆ ಒಂದು ಕೇಳಿ ವಿಚಾರಣೆ ಮಾಡಿದಂತಾಗಿದೆ. ಅವರ ಉತ್ತರಕ್ಕೆ ಒಂದು ಮಾತು ಸೇರಿಸಿ ಆಮೇಲೆ ಮುಂದಿನದನ್ನು ಕೇಳಿ. ಎಲ್ಲರೂ “ನೋಡೋಣ” ಎನ್ನುತ್ತಿದ್ದರೆ ಕೊನೆಯ ಕೋರಿಕೆಯಲ್ಲಿ ದಿನ, ಜಾಗ ಖಚಿತವಾಗಿಲ್ಲ ಎಂದರ್ಥ. ಒಂದು ಸಲಕ್ಕೆ ಒಂದನ್ನೇ ತಿದ್ದಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತು ಎಂದು ತಿಳಿಯುವುದಿಲ್ಲ.