ಹೆಬ್ಬೆಟ್ಟು ಒತ್ತುವವರ ಬ್ಯಾಂಕ್ ಖಾತೆ: ಹಣ ತೆಗೆಯುವುದು ಹೇಗೆ, ಸಾಕ್ಷಿ ಯಾರು ಹಾಕಬೇಕು?

ಮನೆಯಲ್ಲೇ ಹೆಬ್ಬೆಟ್ಟು ಒತ್ತಿಸಿಕೊಂಡ ಸ್ಲಿಪ್ ಹಿಡಿದು ಮಗನೋ ಮೊಮ್ಮಗನೋ ಬ್ಯಾಂಕಿಗೆ ಬರುತ್ತಾರೆ. ಕೌಂಟರಿನಲ್ಲಿ ‘ಅಮ್ಮನ್ನೇ ಕರ್ಕೊಂಡು ಬನ್ನಿ’ ಅನ್ನುತ್ತಾರೆ. ಅಲ್ಲಿಂದ ಜಗಳ ಶುರು. ಇದನ್ನು ಎಷ್ಟೋ ಸಲ ನೋಡಿದ್ದೇನೆ. ಸುಮ್ನೆ ಸತಾಯಿಸುತ್ತಿದ್ದಾರೆ ಅಂತ ಮನೆಯವರಿಗೆ ಅನ್ನಿಸುತ್ತದೆ. ಆದರೆ ಈ ವಿಷಯದಲ್ಲಿ ಬ್ಯಾಂಕಿನವರ ಮಾತೇ ಸರಿ.

ಸಹಿಯಾದರೆ ಬ್ಯಾಂಕಿನಲ್ಲಿರುವ ಮಾದರಿ ಸಹಿಯ ಜೊತೆ ಕಣ್ಣಲ್ಲೇ ತಾಳೆ ನೋಡಬಹುದು. ಹೆಬ್ಬೆಟ್ಟಿನ ಗೆರೆಗಳನ್ನು ಹಾಗೆ ನೋಡಿ ಹೇಳಲು ಕ್ಯಾಷಿಯರ್‌ಗೆ ಆಗುವುದಿಲ್ಲ. ಅದಕ್ಕೆ ಪರಿಣತರೇ ಬೇಕು. ಹಾಗಾಗಿ ಇಲ್ಲಿ ಬ್ಯಾಂಕು ನಂಬುವುದು ಗುರುತನ್ನಲ್ಲ, ಅದನ್ನು ಒತ್ತುವಾಗ ಎದುರಿಗೆ ಇದ್ದವರನ್ನು. ಕಾನೂನಿನಲ್ಲಿ ಹೆಬ್ಬೆಟ್ಟಿಗೆ ಕೊರತೆಯೇನೂ ಇಲ್ಲ. 1897ರ ಜನರಲ್ ಕ್ಲಾಸಸ್ ಆಕ್ಟ್ ಪ್ರಕಾರ, ಹೆಸರು ಬರೆಯಲು ಬಾರದವರು ಹಾಕಿದ ಗುರುತೂ ಸಹಿಯೇ.

ಖಾತೆ ತೆರೆಯುವುದು ಸುಲಭ. ಖಾತೆದಾರರೇ ಹೋಗಬೇಕು, ಆಧಾರ್‌ನಂಥ ಗುರುತಿನ ದಾಖಲೆ ಮತ್ತು ಫೋಟೊ ಬೇಕು, ಬ್ಯಾಂಕಿಗೆ ಪರಿಚಯ ಇರುವ ಒಬ್ಬರು ಜೊತೆಗಿದ್ದರೆ ಒಳ್ಳೆಯದು. ಪಾಸ್‌ಬುಕ್ಕಿನಲ್ಲಿ ಫೋಟೊ ಅಂಟಿಸಿ ಬ್ಯಾಂಕಿನ ಸೀಲು ಬೀಳುವ ತನಕ ಅಲ್ಲಿಂದ ಏಳಬೇಡಿ. ಮುಂದೆ ಗುರುತು ಹಿಡಿಯುವುದು ಆ ಫೋಟೊದಿಂದಲೇ. ಇಂಥ ಖಾತೆಗೆ ಸಾಮಾನ್ಯವಾಗಿ ಚೆಕ್‌ಬುಕ್ ಕೊಡುವುದಿಲ್ಲ. ಎಟಿಎಂ ಕಾರ್ಡನ್ನು ಕೊಟ್ಟರೂ ತೆಗೆದುಕೊಳ್ಳಬೇಡಿ ಅನ್ನುತ್ತೇನೆ. ಅಜ್ಜಿಯ ಕಾರ್ಡಿನ ಪಿನ್ ಕೊನೆಗೆ ಊರಿಗೆಲ್ಲ ಗೊತ್ತಾಗಿರುತ್ತದೆ.

ಶಾಖೆಯಲ್ಲಿ ಹಣ ತೆಗೆಯುವಾಗ

ಪಾಸ್‌ಬುಕ್ ಒಯ್ಯಿರಿ. ಸ್ಲಿಪ್ಪನ್ನು ಯಾರು ಬೇಕಾದರೂ ತುಂಬಬಹುದು. ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದು ಗಟ್ಟಿಯಾಗಿ ಓದಿ ಹೇಳಿ. ಹೆಬ್ಬೆಟ್ಟು ಮಾತ್ರ ಅಧಿಕಾರಿಯ ಮೇಜಿನ ಮುಂದೆಯೇ ಬೀಳಬೇಕು. ಅವರು ಮುಖವನ್ನೂ ಫೋಟೊವನ್ನೂ ನೋಡಿ, ಗುರುತಿನ ಪಕ್ಕ ತಮ್ಮ ಸಹಿ ಹಾಕುತ್ತಾರೆ. ಖಾಲಿ ಸ್ಲಿಪ್ಪಿಗೆ ಹೆಬ್ಬೆಟ್ಟು ಒತ್ತಿಸಿ ಆಮೇಲೆ ತುಂಬುವ ಪದ್ಧತಿ ಕೆಲವು ಕಡೆ ಇದೆ. ಅವಸರದಲ್ಲೂ ಅದಕ್ಕೆ ಒಪ್ಪಬೇಡಿ.

ಗುರುತು ಮೂಡಿಸುವುದರಲ್ಲೇ ಜಾಸ್ತಿ ಜನ ಎಡವುತ್ತಾರೆ. ವಯಸ್ಸಾದವರ ಬೆರಳು ಒಣಗಿರುತ್ತದೆ, ದುಡಿದ ಕೈಯಾದರೆ ಗೆರೆ ಸವೆದಿರುತ್ತದೆ. ಮೊದಲು ಒದ್ದೆ ಬಟ್ಟೆಯಲ್ಲಿ ಬೆರಳು ಒರೆಸಿ, ಚೆನ್ನಾಗಿ ಆರಲು ಬಿಡಿ. ಎಣ್ಣೆ ಹಚ್ಚಿದ ಬೆರಳಿಗೆ ಇಂಕು ಹಿಡಿಯುವುದಿಲ್ಲ. ಆಗಷ್ಟೇ ಇಂಕು ಸುರಿದ ಸ್ಟ್ಯಾಂಪ್ ಪ್ಯಾಡ್ ಬೇಡ, ಅದರಲ್ಲಿ ಒತ್ತಿದರೆ ಗೆರೆಗಳ ನಡುವೆ ಇಂಕು ತುಂಬಿ ಬರೀ ಮಸಿಯ ಮುದ್ದೆ ಮೂಡುತ್ತದೆ. ಪ್ಯಾಡಿಗೆ ಬೆರಳು ಮುಟ್ಟಿಸಿ, ಹಳೇ ಕಾಗದದ ಮೇಲೆ ಒಮ್ಮೆ ಒತ್ತಿ ನೋಡಿ, ಆಮೇಲೆ ಸ್ಲಿಪ್ಪಿಗೆ ಬನ್ನಿ. ಉಗುರಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಒಂದೇ ಸಲ ಹಗುರವಾಗಿ ಹೊರಳಿಸಿ ಎತ್ತಬೇಕು. ನೀವು ಮಣಿಕಟ್ಟಿಗೆ ಆಸರೆ ಕೊಡಬಹುದು, ಬೆರಳನ್ನು ಅದುಮಬಾರದು. ಅದುಮಿದರೆ ಗೆರೆ ಚಪ್ಪಟೆಯಾಗುತ್ತದೆ. ಮೂಡದಿದ್ದರೆ ಅದರ ಮೇಲೆಯೇ ಇನ್ನೊಮ್ಮೆ ಒತ್ತಬೇಡಿ, ಹೊಸ ಸ್ಲಿಪ್ ಕೇಳಿ. ಗೆರೆಗಳು ಬಿಡಿಬಿಡಿಯಾಗಿ ಕಂಡರೆ ಗುರುತು ಸರಿಯಾಗಿದೆ ಅಂತ ಅರ್ಥ.

ಖಾತೆ ತೆರೆಯುವಾಗ ಯಾವ ಕೈಯ ಹೆಬ್ಬೆಟ್ಟು ಕೊಟ್ಟಿದ್ದರೋ ಅದೇ ಕೈಯದ್ದು ಕೊಡಿ. ಪಕ್ಕದಲ್ಲಿ ‘ಇದು ಇಂಥವರ ಎಡಗೈ ಹೆಬ್ಬೆಟ್ಟಿನ ಗುರುತು’ ಅಂತ ಹೆಸರು ಸಹಿತ ಬರೆಯಿರಿ. ಹೆಸರಿಲ್ಲದ ಹೆಬ್ಬೆಟ್ಟು ಯಾರದ್ದು ಅಂತ ನಾಳೆ ಯಾರಿಗೂ ಹೇಳಲಾಗುವುದಿಲ್ಲ.

ಹತ್ತಿರದಲ್ಲಿ ಬ್ಯಾಂಕ್ ಮಿತ್ರ ಇದ್ದರೆ ಅವರ ಯಂತ್ರಕ್ಕೆ ಬೆರಳು ಕೊಟ್ಟೂ ಹಣ ಪಡೆಯಬಹುದು. ಅದು ಆಧಾರ್ ವ್ಯವಸ್ಥೆ, ಅದಕ್ಕೆ ಇಂಕೂ ಬೇಡ, ಸಾಕ್ಷಿಯೂ ಬೇಡ. ಆದರೆ ‘ಬೆರಳು ಹಿಡೀಲಿಲ್ಲ, ಇನ್ನೊಮ್ಮೆ ಇಡಿ’ ಅಂದಾಗ ಮೊದಲ ಸಲದ ರಸೀದಿ ಕೇಳಲೇಬೇಕು. ಎರಡು ಸಲ ಹಣ ಕಡಿತವಾಗಿ, ಒಂದು ಸಲದ್ದು ಮಾತ್ರ ಕೈಗೆ ಬಂದ ದೂರುಗಳು ಇರುತ್ತವೆ.

ಹಾಸಿಗೆ ಹಿಡಿದವರ ಹಣ

ಒಂದು ಉದಾಹರಣೆ ನೋಡೋಣ. ಅಜ್ಜಿಗೆ ಸೊಂಟದ ಮೂಳೆ ಮುರಿದಿದೆ, ಎದ್ದು ಕೂರಲಾಗುವುದಿಲ್ಲ. ಔಷಧಿಗೆ ಅವರ ಖಾತೆಯಿಂದಲೇ 20,000 ರೂಪಾಯಿ ಬೇಕು. ಹಣ ತರುವವನು ಮೊಮ್ಮಗ. ಇದಕ್ಕೆ ರಿಸರ್ವ್ ಬ್ಯಾಂಕಿನ ಸೂಚನೆ ಸ್ಪಷ್ಟವಾಗಿದೆ. ಹೆಬ್ಬೆಟ್ಟಿಗೆ ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸ್ವತಂತ್ರ ಸಾಕ್ಷಿಗಳು ಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ ಆಗಿರಬೇಕು. ಅಂದರೆ ನೀವು ಹುಡುಕಬೇಕಾದದ್ದು ಒಬ್ಬ ಸಾಕ್ಷಿಯನ್ನು ಮಾತ್ರ.

ಮೊಮ್ಮಗ ಮೊದಲು ಶಾಖೆಗೆ ಹೋಗಿ ಮ್ಯಾನೇಜರ್‌ಗೆ ಅರ್ಜಿ ಕೊಡಬೇಕು. ಖಾತೆ ಸಂಖ್ಯೆ, ಅಜ್ಜಿಯ ಸ್ಥಿತಿ, ಬೇಕಾದ ಮೊತ್ತ, ಹಣ ಒಯ್ಯುವವರ ಹೆಸರು ಬರೆದು, ‘ಅಧಿಕಾರಿಯೊಬ್ಬರನ್ನು ಮನೆಗೆ ಕಳುಹಿಸಿಕೊಡಿ’ ಅಂತ ಕೇಳಬೇಕು. ಡಾಕ್ಟರ ಚೀಟಿ ಲಗತ್ತಿಸಿದರೆ ಕೆಲಸ ಬೇಗ ಆಗುತ್ತದೆ. 70 ದಾಟಿದವರಿಗೆ ಮನೆ ಬಾಗಿಲಲ್ಲೇ ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ಅರ್ಜಿಯ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಬಾಯಿಮಾತಿನ ಕೋರಿಕೆ ಮರುದಿನಕ್ಕೆ ಮರೆತುಹೋಗುತ್ತದೆ.

ಎರಡನೇ ಸಾಕ್ಷಿಯಾಗಿ ಅದೇ ಶಾಖೆಯಲ್ಲಿ ಖಾತೆ ಇರುವ ಪಕ್ಕದ ಮನೆಯವರನ್ನು ಕರೆಯಿರಿ. ಅವರ ಸಹಿ ಬ್ಯಾಂಕಿನಲ್ಲಿ ಇದ್ದೇ ಇರುತ್ತದೆ. ಹಣ ಪಡೆಯುವ ಮೊಮ್ಮಗನೇ ಸಾಕ್ಷಿ ಹಾಕಿದರೆ ಅದು ಸ್ವತಂತ್ರ ಸಾಕ್ಷಿ ಆಗುವುದಿಲ್ಲ. ಮೊಮ್ಮಗನ ಅಪ್ಪ ಅಮ್ಮನೂ ಬೇಡ. ಇಲ್ಲಿ ಮುಲಾಜು ಬೇಡವೇ ಬೇಡ.

ಅಧಿಕಾರಿ ಬಂದಾಗ ಅವರೇ ಅಜ್ಜಿಯನ್ನು ಕೇಳಲಿ: ‘ಅಜ್ಜಿ, ಎಷ್ಟು ದುಡ್ಡು ಬೇಕು? ಯಾರ ಕೈಗೆ ಕೊಡ್ಬೇಕು?’ ಉತ್ತರವನ್ನು ಮನೆಯವರು ಹೇಳಿಕೊಡಬಾರದು. ಅಜ್ಜಿ ಹೇಳಿದ ಮೇಲೆ ಹೆಬ್ಬೆಟ್ಟು, ಅದರ ಕೆಳಗೆ ಹೀಗೊಂದು ಸಾಲು: ‘ಮೇಲಿನ ವಿವರ ಓದಿ ಹೇಳಿದ್ದೇವೆ. ಖಾತೆದಾರರು ಒಪ್ಪಿ ನಮ್ಮ ಎದುರಿಗೆ ಹೆಬ್ಬೆಟ್ಟು ಒತ್ತಿದ್ದಾರೆ.’ ಇಬ್ಬರು ಸಾಕ್ಷಿಗಳ ಸಹಿ, ಹೆಸರು, ವಿಳಾಸ, ದಿನಾಂಕ ಇರಲಿ. ಮೊಮ್ಮಗನ ಗುರುತನ್ನೂ ಇಬ್ಬರು ಸಾಕ್ಷಿಗಳು ದೃಢಪಡಿಸಬೇಕು, ಅವನೂ ತನ್ನ ಸಹಿಯ ಮಾದರಿ ಬ್ಯಾಂಕಿಗೆ ಕೊಡಬೇಕು. ಇದನ್ನು ಜಾಸ್ತಿ ಜನ ಮರೆತು ಎರಡನೇ ಸಲ ಓಡಾಡುತ್ತಾರೆ.

ಕೈಯೇ ಇಲ್ಲದವರು ಕಾಲಿನ ಹೆಬ್ಬೆರಳ ಗುರುತು ಕೊಡಬಹುದು. ಅದೂ ಆಗದಿದ್ದರೆ ಅವರಿಂದ ಆಗುವ ಯಾವುದೇ ಗುರುತು ಸಾಕು, ಸಾಕ್ಷಿಯ ನಿಯಮ ಇದೇ. ಆದರೆ ಪ್ರಜ್ಞೆ ಇಲ್ಲದವರ ಬೆರಳು ಹಿಡಿದು ಒತ್ತಿಸುವುದು ಮೋಸ. ಅಂಥ ಸ್ಥಿತಿಯಲ್ಲಿ ಹಣ ಬೇಕಾದರೆ ಕೋರ್ಟಿನ ದಾರಿ ಹಿಡಿಯಬೇಕಾಗುತ್ತದೆ.

ನಾಮಿನಿ ಫಾರಂ

ಸಹಿ ಮಾಡುವವರ ನಾಮಿನೇಷನ್ ಫಾರಂಗೆ ಸಾಕ್ಷಿ ಬೇಕಾಗಿಲ್ಲ. ಹೆಬ್ಬೆಟ್ಟು ಒತ್ತುವವರ ಫಾರಂಗೆ ಇಬ್ಬರು ಸಾಕ್ಷಿ ಬೇಕೇ ಬೇಕು. ಅದು ತಪ್ಪಿದರೆ ನಾಮಿನೇಷನ್ ಊರ್ಜಿತವಾಗುವುದಿಲ್ಲ, ಅದು ಗೊತ್ತಾಗುವುದು ಖಾತೆದಾರರು ತೀರಿಕೊಂಡ ಮೇಲೆ. ನಾಮಿನಿ ಆಗುವವರನ್ನೇ ಸಾಕ್ಷಿ ಮಾಡಬೇಡಿ. 2025ರ ನವೆಂಬರ್ 1ರಿಂದ ನಾಲ್ಕು ಮಂದಿಯ ತನಕ ನಾಮಿನಿ ಮಾಡಬಹುದು. ಹಾಗೆ ಮಾಡುವಾಗ ಯಾರಿಗೆ ಎಷ್ಟು ಪಾಲು ಅನ್ನುವುದನ್ನೂ ಅಜ್ಜಿಗೆ ಓದಿ ಹೇಳಿ. ಫಾರಂ ಕೊಟ್ಟ ಮೇಲೆ ಸ್ವೀಕೃತಿ ಚೀಟಿ ಪಡೆದು, ಪಾಸ್‌ಬುಕ್ಕಿನಲ್ಲಿ ನಾಮಿನೇಷನ್ ನೋಂದಣಿ ಆಗಿದೆ ಅಂತ ಅಚ್ಚು ಹಾಕಿಸಿಕೊಳ್ಳಿ.