ಸಬ್‌ಸ್ಕ್ರಿಪ್ಷನ್ ಕಟ್ಟಬೇಕೋ, ಗೇಮ್ ಕೊಳ್ಳಬೇಕೋ: ಗಂಟೆಗೆ ಎಷ್ಟು ಬೀಳುತ್ತೆ?

“ಮಾವ, ತಿಂಗಳಿಗೆ ಐನೂರು ಕಟ್ಟಿದ್ರೆ ನೂರಾರು ಗೇಮು” ಅಂತ ಕುವೆಂಪುನಗರದಲ್ಲಿರುವ ಅಕ್ಕನ ಮಗ ಹೇಳುತ್ತಾನೆ. ಪಟ್ಟಿಯಲ್ಲಿ ಎಷ್ಟು ಗೇಮ್ ಇವೆ ಅನ್ನುವುದನ್ನು ನಾನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಕಟ್ಟಿದ ದುಡ್ಡನ್ನು ಆಡಿದ ಗಂಟೆಗಳಿಂದ ಭಾಗಿಸುತ್ತೇನೆ, ಅದನ್ನೂ ತಿಂಗಳು ತಿಂಗಳಿಗೆ ಬೇರೆಬೇರೆಯಾಗಿ.

ಗಂಟೆಗಳನ್ನು ನೆನಪಿನಿಂದ ಬರೆಯಬಾರದು. ಸ್ಟೀಮ್‌ನಲ್ಲಿ ಲೈಬ್ರರಿಯ ಪ್ರತಿ ಗೇಮಿನ ಪುಟದಲ್ಲೂ ಒಟ್ಟು ಆಟದ ಸಮಯ ಕಾಣುತ್ತದೆ. ಪಿಎಸ್5ನಲ್ಲಿ ಪ್ರೊಫೈಲ್ ಒಳಗಿನ ಗೇಮ್ಸ್ ಪಟ್ಟಿಯಲ್ಲಿ ಸಿಗುತ್ತದೆ. ಪ್ರತಿ ತಿಂಗಳ ಮೊದಲ ದಿನ ಆ ಅಂಕಿ ಬರೆದಿಟ್ಟುಕೊಂಡು, ಹಿಂದಿನ ತಿಂಗಳದ್ದನ್ನು ಕಳೆದರೆ ಮುಗಿದ ತಿಂಗಳ ಆಟ ಬಂತು. ಗೇಮನ್ನು ಮೆನುವಿನಲ್ಲೇ ಬಿಟ್ಟು ಊಟಕ್ಕೆ ಎದ್ದುಹೋದರೂ ಗಡಿಯಾರ ಓಡುತ್ತಲೇ ಇರುತ್ತದೆ. ಹಾಗಾಗಿ ಒಂದೇ ದಿನ ಹತ್ತು ಗಂಟೆ ತೋರಿಸಿದರೆ ಅನುಮಾನಪಟ್ಟು ತಗ್ಗಿಸಬೇಕು. ಬಿಜಿಎಂಐ, ವ್ಯಾಲರಂಟ್‌ನಂಥ ಪುಕ್ಕಟೆ ಗೇಮುಗಳ ಗಂಟೆಗಳನ್ನು ಈ ಲೆಕ್ಕಕ್ಕೆ ಸೇರಿಸಲೇಬಾರದು. ಸಬ್‌ಸ್ಕ್ರಿಪ್ಷನ್ ಇಲ್ಲದಿದ್ದರೂ ಅವನ್ನು ಆಡುತ್ತಿದ್ದೆವು.

ಪಿಯುಸಿ ಓದುವ ಹುಡುಗನ ಒಂದು ವರ್ಷವನ್ನು ಹಿಡಿದು ನೋಡೋಣ. ಲೆಕ್ಕಕ್ಕೆ ಸುಲಭವಾಗಲಿ ಅಂತ ಬೆಲೆಗಳನ್ನು ದುಂಡಾಗಿ ಇಟ್ಟಿದ್ದೇನೆ. ದೊಡ್ಡ ಓಪನ್ ವರ್ಲ್ಡ್ ಗೇಮ್ 70 ಗಂಟೆ, ಇನ್ನೊಂದು ಕಥೆಯ ಗೇಮ್ 45, ಒಂದು ಚಿಕ್ಕ ಗೇಮ್ 25, ಸುಮ್ಮನೆ ತೆರೆದು ನೋಡಿ ಬಿಟ್ಟವು ಎಲ್ಲಾ ಸೇರಿ 10. ಒಟ್ಟು 150 ಗಂಟೆ. ತಿಂಗಳಿಗೆ ₹500ರಂತೆ ವರ್ಷಪೂರ್ತಿ ಕಟ್ಟಿದರೆ ₹6,000, ಗಂಟೆಗೆ ₹40 ಬಿತ್ತು.

ಅವೇ ಮೂರು ಗೇಮುಗಳನ್ನು ಬಿಡುಗಡೆಯ ಹೊಸದರಲ್ಲಿ ₹4,000, ₹3,000, ₹1,500 ಕೊಟ್ಟು ಕೊಂಡರೆ 140 ಗಂಟೆಗೆ ₹8,500. ಗಂಟೆಗೆ ₹61ರ ಹತ್ತಿರ, ಸಬ್‌ಸ್ಕ್ರಿಪ್ಷನ್ನೇ ಅಗ್ಗ. ಕಾದಿದ್ದು ಸೇಲ್‌ನಲ್ಲಿ ₹1,200, ₹900, ₹500ಕ್ಕೆ ತಗೊಂಡರೆ ₹2,600, ಗಂಟೆಗೆ ₹19 ಕೂಡ ಇಲ್ಲ. ಅಂದರೆ ಉತ್ತರ ನಿಂತಿರುವುದು ನೀವು ಕಾಯುವವರೋ ಅಲ್ಲವೋ ಅನ್ನುವುದರ ಮೇಲೆ. ಸೇಲ್ ಬರುವವರೆಗೂ ಕಾಯುವವರು ಸಬ್‌ಸ್ಕ್ರಿಪ್ಷನ್ನನ್ನು ಹೊಸ ಬೆಲೆಯ ಜೊತೆ ಹೋಲಿಸಿದರೆ ತಮಗೆ ತಾವೇ ಸುಳ್ಳು ಹೇಳಿಕೊಂಡ ಹಾಗೆ.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಲೆಕ್ಕ. ಆ 150 ಗಂಟೆ ಹನ್ನೆರಡು ತಿಂಗಳಿಗೆ ಸಮನಾಗಿ ಹಂಚಿಹೋಗಿರುವುದಿಲ್ಲ. ಏಪ್ರಿಲ್‌ನಲ್ಲಿ 40, ಮೇನಲ್ಲಿ 45, ದಸರಾ ರಜೆಯ ತಿಂಗಳಲ್ಲಿ 35. ಉಳಿದ ಒಂಬತ್ತು ತಿಂಗಳಿಗೆ ಬರೀ 30. ಈ ಮೂರು ತಿಂಗಳ ₹1,500ಕ್ಕೆ 120 ಗಂಟೆ ಸಿಕ್ಕಿತು, ಗಂಟೆಗೆ ₹12.50. ಉಳಿದ ಒಂಬತ್ತು ತಿಂಗಳ ₹4,500ಕ್ಕೆ 30 ಗಂಟೆ, ಗಂಟೆಗೆ ₹150! ವರ್ಷದ ಸರಾಸರಿ ₹40 ಅನ್ನುವುದು ಇದನ್ನು ಮುಚ್ಚಿಡುತ್ತದೆ.

ಹಾಗಾಗಿ ನಾನು ನೋಡುವುದು ಒಂದು ಗಡಿಯನ್ನು:

```
=ತಿಂಗಳ_ಶುಲ್ಕ / ಕೊಂಡಾಗ_ಗಂಟೆಗೆ_ಬಿದ್ದದ್ದು
```

₹500ನ್ನು ಸೇಲ್‌ನಲ್ಲಿ ಕೊಂಡಾಗ ಗಂಟೆಗೆ ಬಿದ್ದ ₹18.57ರಿಂದ ಭಾಗಿಸಿದರೆ ಸುಮಾರು 27 ಗಂಟೆ. ತಿಂಗಳಲ್ಲಿ ಅಷ್ಟು ಆಡುವ ಬಿಡುವಿದ್ದರೆ ಕಟ್ಟುವುದು, ಇಲ್ಲದಿದ್ದರೆ ಇಲ್ಲ. ಈ ಹುಡುಗ ರಜೆಯ ಮೂರು ತಿಂಗಳು ಮಾತ್ರ ಕಟ್ಟಿ, ಕಾಲೇಜಿನ ದಿನಗಳಿಗೆ ₹500ರ ಚಿಕ್ಕ ಗೇಮ್ ಸೇಲ್‌ನಲ್ಲಿ ತಗೊಂಡರೆ ₹2,000ಕ್ಕೆ 145 ಗಂಟೆ, ಗಂಟೆಗೆ ₹14ರ ಒಳಗೆ. ಕಟ್ಟಿದ ದಿನವೇ ಆಟೋ ಪೇ ರದ್ದು ಮಾಡಿ; ಸಾಮಾನ್ಯವಾಗಿ ಆ ತಿಂಗಳು ಮುಗಿಯುವವರೆಗೂ ಆಡಬಹುದು. ದುಡ್ಡು ಕಡಿತವಾಗುವ 24 ಗಂಟೆ ಮುಂಚೆ ಬ್ಯಾಂಕಿನಿಂದ ಮೆಸೇಜ್ ಬರಬೇಕು ಅನ್ನುವುದು ಆರ್‌ಬಿಐ ನಿಯಮ, ಆದರೆ ಅದನ್ನೇ ನಂಬಿ ಕೂರಬೇಡಿ.

ಇದರಲ್ಲಿ ಎಡವುವುದು ಗೇಮು ಪಟ್ಟಿಯಿಂದ ಹೊರಹೋದಾಗ. ಮೇನಲ್ಲಿ 15 ಗಂಟೆ ಆಡಿದ ಕಥೆಯ ಗೇಮ್ ದಸರಾ ಹೊತ್ತಿಗೆ ಇಲ್ಲವಾದರೆ, ಸೇವ್ ಫೈಲ್ ಉಳಿದಿದ್ದರೂ ಆಡಲು ಕೊಳ್ಳಲೇಬೇಕು. ಆಗ ಅಕ್ಟೋಬರಿನ ₹500 ಕಟ್ಟದೆ ಗೇಮಿಗೆ ₹900 ಕೊಟ್ಟರೆ ಒಟ್ಟು ₹2,400ಕ್ಕೆ 140 ಗಂಟೆ, ಗಂಟೆಗೆ ₹17. ಆದರೂ ಗೆದ್ದಂತೆಯೇ. ಮೂಲ ಗೇಮಿಗೆ ಬೇರೆಯಾಗಿ ಮಾರುವ ಹೆಚ್ಚುವರಿ ಭಾಗ, ಅಂದರೆ ಡಿಎಲ್‌ಸಿ ವಿಷಯದಲ್ಲಿ ಮಾತ್ರ ಹುಷಾರು: ಸಾಮಾನ್ಯವಾಗಿ ಮೂಲ ಗೇಮ್ ಮಾತ್ರ ಸಬ್‌ಸ್ಕ್ರಿಪ್ಷನ್‌ನಲ್ಲಿ ಬರುತ್ತದೆ. ಡಿಎಲ್‌ಸಿಗೆ ಬೇರೆ ದುಡ್ಡು ಸುರಿದ ಮೇಲೆ ಮೂಲ ಗೇಮ್ ಹೋದರೆ ಅದೂ ಕೈಗೆ ಸಿಗದೆ ಕೂರುತ್ತದೆ.

ಕೊಳ್ಳುವ ಕಡೆಯ ಲೆಕ್ಕದಲ್ಲೂ ಎರಡು ತಿದ್ದುಪಡಿ ಬೇಕು. ಕನ್ಸೋಲಿನ ಡಿಸ್ಕ್ ಆದರೆ ಆಡಿ ಮುಗಿಸಿ ಮಾರಿದಾಗ ಬಂದ ದುಡ್ಡನ್ನು ಬೆಲೆಯಿಂದ ಕಳೆಯಿರಿ. ಸ್ಟೀಮ್‌ನಲ್ಲಿ ಕೊಂಡದ್ದನ್ನು ಮಾರಲಾಗದು, ಆದರೆ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಪಿಎಸ್5ನಲ್ಲಿ ಕೊಂಡ ಗೇಮನ್ನು ಆನ್‌ಲೈನ್‌ನಲ್ಲಿ ಗೆಳೆಯರ ಜೊತೆ ಆಡಲು ಹೆಚ್ಚಿನವಕ್ಕೆ ಸೋನಿಯ ಸಬ್‌ಸ್ಕ್ರಿಪ್ಷನ್ ಆದ ಪಿಎಸ್ ಪ್ಲಸ್ ಬೇಕೇ ಬೇಕು. ಅಂಥವರು ಅದರ ಅತಿ ಕಡಿಮೆ ಶುಲ್ಕವನ್ನು ಹೇಗೂ ಕಟ್ಟುವುದರಿಂದ ಅದನ್ನು ಲೆಕ್ಕದಿಂದ ಬಿಟ್ಟು, ದುಬಾರಿ ಪ್ಲಾನಿಗೆ ಹೆಚ್ಚಾಗಿ ಕೊಡುವ ವ್ಯತ್ಯಾಸವನ್ನಷ್ಟೇ ಗಂಟೆಗಳಿಂದ ಭಾಗಿಸಬೇಕು.